ಪರೀಕ್ಷೆಯ ಮೂರು ವಾರ ಬೆಳಗಿನ ಶಿಫ್ಟ್: ನಾನು ಬರೆದ ಪತ್ರ, ಅದರ ಹಿಂದಿನ ಲೆಕ್ಕ

ನಾನು ಮಣಿಪಾಲದ ಒಂದು ಲಾಡ್ಜ್‌ನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತೇನೆ. ಸಂಜೆ ಐದೂವರೆಗೆ ಉಡುಪಿಯ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಕ್ಲಾಸು. ಇದು ನಾಲ್ಕನೇ ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಬೆಳಗಿನ ಶಿಫ್ಟೇ ಬೇಕು ಅಂತ ಸೂಪರ್‌ವೈಸರಿಗೆ ಪತ್ರ ಬರೆದ ಕಥೆ. ಪತ್ರ ಒಂದೇ ಪುಟದ್ದು. ಅದನ್ನು ಬರೆಯುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ.

ನಮ್ಮಲ್ಲಿ ಮೂರು ಶಿಫ್ಟ್. ಮಾರ್ನಿಂಗ್ ಬೆಳಿಗ್ಗೆ 6ರಿಂದ 2, ಸೆಕೆಂಡ್ 2ರಿಂದ ರಾತ್ರಿ 10, ನೈಟ್ 10ರಿಂದ ಬೆಳಿಗ್ಗೆ 6. ಕೌಂಟರಿನಲ್ಲಿ ನಾವು ನಾಲ್ಕು ಜನ. ನಾನು, ಒಬ್ಬ ಕುಂದಾಪುರದ ಹುಡುಗ, ಒಬ್ಬ ಕಾರ್ಕಳದ ಹುಡುಗ, ಮತ್ತೆ ನಮಗಿಂತ ಹಿರಿಯ ಒಬ್ಬರು ಅಕ್ಕ. ಅಕ್ಕನಿಗೆ ನೈಟ್ ಹಾಕುವುದಿಲ್ಲ. ನನಗೆ ಕ್ಲಾಸ್ ಇರುವುದರಿಂದ ಸೆಕೆಂಡ್ ಹಾಕುವುದಿಲ್ಲ. ಹಾಗಾಗಿ ಮಾಮೂಲಿ ದಿನಗಳಲ್ಲಿ ನನಗೆ ವಾರದಲ್ಲಿ ಅರ್ಧ ಮಾರ್ನಿಂಗ್, ಅರ್ಧ ನೈಟ್. ಉಳಿದ ನೈಟ್ ಆ ಇಬ್ಬರು ಹುಡುಗರಿಗೆ. ಸೆಕೆಂಡ್ ಅಕ್ಕ ಮತ್ತು ಹುಡುಗರ ನಡುವೆ ಹಂಚಿ ಹೋಗುತ್ತದೆ. ಎಲ್ಲರಿಗೂ ವಾರಕ್ಕೊಂದು ರಜೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಕ್ಲಾಸಿನ ಒಬ್ಬ ಹಿಂದಿನ ಸೆಮಿಸ್ಟರಿನಲ್ಲಿ ಅವನು ಕೆಲಸ ಮಾಡುವ ಕಡೆ ಹೀಗೇ ಪತ್ರ ಕೊಟ್ಟಿದ್ದ. "ನನಗೆ ಪರೀಕ್ಷೆ ಇರುವುದರಿಂದ ದಯವಿಟ್ಟು ಬೆಳಗಿನ ಶಿಫ್ಟ್ ಕೊಡಬೇಕಾಗಿ ವಿನಂತಿ" ಅಂತ ಎರಡು ಸಾಲು. "ಹಾಗಾದ್ರೆ ರಾತ್ರಿ ಯಾರು ಬರ್ತಾರೆ?" ಅಂತ ಕೇಳಿ ಪತ್ರ ವಾಪಸು ಕೊಟ್ಟರಂತೆ. ಕೇಳಿದ್ದು ಸರಿಯಾದ ಪ್ರಶ್ನೆಯೇ. ಒಬ್ಬ ಬೆಳಿಗ್ಗೆಗೆ ಅಂಟಿಕೊಂಡರೆ ಅವನ ಪಾಲಿನ ರಾತ್ರಿ ಎಲ್ಲಿಗೂ ಮಾಯ ಆಗುವುದಿಲ್ಲ, ಇನ್ನೊಬ್ಬನ ತಲೆ ಮೇಲೆ ಬೀಳುತ್ತದೆ. ಡ್ಯೂಟಿ ಚಾರ್ಟ್ ಮಾಡುವವರಿಗೆ ನಮ್ಮ ಪರೀಕ್ಷೆ ಕಾಣುವುದಿಲ್ಲ, ಖಾಲಿ ಬಿದ್ದ ಚೌಕ ಕಾಣುತ್ತದೆ. ಆ ಚೌಕ ತುಂಬಿಸಿಯೇ ಪತ್ರ ಕೊಡಬೇಕು ಅಂತ ನಾನು ಅಂದುಕೊಂಡೆ.

ರಜೆಯನ್ನೇ ಹಾಕಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಖಾಸಗಿ ಲಾಡ್ಜ್‌ನಂಥ ಕಡೆ ಪರೀಕ್ಷೆಗೆ ಅಂತಲೇ ಬೇರೆ ರಜೆ ಕಾನೂನಿನಲ್ಲಿ ಇಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ 20 ದಿನ ಕೆಲಸ ಮಾಡಿದರೆ ಒಂದು ದಿನದ ಸಂಬಳ ಸಹಿತ ರಜೆ ಸಿಗುತ್ತದೆ. ಆರು ಪೇಪರಿಗೆ ಆರು ರಜೆ ಹಾಕಿದರೆ ನಾಲ್ಕೂವರೆ ತಿಂಗಳು ದುಡಿದು ಉಳಿಸಿದ್ದು ಹೋಯಿತು. ಅಷ್ಟು ಹಾಕಿದರೂ ಓದಲಿಕ್ಕೆ ಸಮಯ ಸಿಗುವುದಿಲ್ಲ. ಪೇಪರ್ ದಿನ ರಜೆ, ಅದರ ಹಿಂದಿನ ರಾತ್ರಿ ನೈಟ್ ಅಂದರೆ ಏನು ಪ್ರಯೋಜನ? ಬೆಳಿಗ್ಗೆ ಆರಕ್ಕೆ ಬಿಟ್ಟು ರೂಮಿಗೆ ಹೋಗಿ ಮಲಗಿದರೆ ಏಳುವಾಗ ಹನ್ನೆರಡು. ಎರಡಕ್ಕೆ ಪರೀಕ್ಷೆ. ನನಗೆ ಬೇಕಿದ್ದದ್ದು ಮೂರು ವಾರ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವ ವ್ಯವಸ್ಥೆ. ಎರಡಕ್ಕೆ ಕೆಲಸ ಮುಗಿದರೆ ಊಟ ಮಾಡಿ ಒಂದು ನಿದ್ದೆ ಹೊಡೆದು ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಕೂತು ಓದಬಹುದು.

ಮೊದಲ ಕೆಲಸ, ಪೇಪರಿನ ದಿನಗಳನ್ನು ಬರೆದುಕೊಳ್ಳುವುದು. ಟೈಂ ಟೇಬಲ್ ಜೂನ್ ಮಧ್ಯದಲ್ಲಿ ಬಂತು. ಜುಲೈ 8ರಿಂದ 25ರವರೆಗೆ ಆರು ಪೇಪರ್, ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಎಲ್ಲವೂ ಮಧ್ಯಾಹ್ನ 2 ಗಂಟೆಗೆ. ನಮ್ಮ ಡ್ಯೂಟಿ ಚಾರ್ಟ್ ತಿಂಗಳಿಗೊಮ್ಮೆ ಹಾಕುವುದು, ಹಿಂದಿನ ತಿಂಗಳ ಕೊನೆಯ ದಿನಗಳಲ್ಲಿ. ಅಂದರೆ ಜೂನ್ 20ರ ಒಳಗೆ ಪತ್ರ ಸೂಪರ್‌ವೈಸರ್ ಕೈಯಲ್ಲಿ ಇರಬೇಕು. ಚಾರ್ಟ್ ಗೋಡೆಗೆ ಅಂಟಿಸಿದ ಮೇಲೆ ಕೇಳಿದರೆ ಅದು ವಿನಂತಿ ಆಗುವುದಿಲ್ಲ, ತಕರಾರು ಆಗುತ್ತದೆ. ಅಂಟಿಸಿದ ಚಾರ್ಟ್ ನೋಡಿ ಉಳಿದವರು ಮದುವೆ, ಭೂತ ಕೋಲ, ಆಸ್ಪತ್ರೆ ಅಂತ ತಮ್ಮ ದಿನಗಳನ್ನು ಹೊಂದಿಸಿಕೊಂಡು ಆಗಿರುತ್ತದೆ.

ಟೈಂ ಟೇಬಲ್ ಎದುರಿಗೆ ಇಟ್ಟುಕೊಂಡಾಗ ಒಂದು ಗಂಟು ಕಾಣಿಸಿತು. ಮಾರ್ನಿಂಗ್ ಶಿಫ್ಟ್ ಮುಗಿಯುವುದು 2ಕ್ಕೆ. ಪರೀಕ್ಷೆ ಶುರುವಾಗುವುದೂ 2ಕ್ಕೆ. ಮಣಿಪಾಲದಿಂದ ಉಡುಪಿಗೆ ದೂರ ಹೆಚ್ಚಿಲ್ಲ, ಬಸ್ಸು ನಿಮಿಷಕ್ಕೊಂದು ಸಿಗುತ್ತದೆ. ಆದರೆ ಇಂದ್ರಾಳಿ ರೈಲ್ವೆ ಸೇತುವೆ ಹತ್ತಿರ ಸಿಕ್ಕಿಹಾಕಿಕೊಂಡರೆ, ಅದೂ ಮಳೆಯಲ್ಲಿ, ಕಲ್ಸಂಕ ದಾಟುವಾಗ ಮುಕ್ಕಾಲು ಗಂಟೆ ಆದರೂ ಆಯಿತು. ಹಾಲ್‌ಗೆ ಕಾಲು ಗಂಟೆ ಮುಂಚೆ ಹೋಗಬೇಕು. ಪರೀಕ್ಷೆ ಶುರುವಾಗಿ ಅರ್ಧ ಗಂಟೆ ಆದ ಮೇಲೆ ಒಳಗೆ ಬಿಡುವುದಿಲ್ಲ. ಹಾಗಾಗಿ ಒಂದು ಗಂಟೆಗೆ ನಾನು ಲಾಡ್ಜಿನ ಮೆಟ್ಟಿಲು ಇಳಿದಿರಲೇಬೇಕು.

ಒಂದಕ್ಕೆ ಹೊರಡಬೇಕು ಅಂದರೆ ಒಂದಕ್ಕೆ ಕುರ್ಚಿ ಬಿಡುವುದು ಅಂತ ಅಲ್ಲ. ಕೌಂಟರಿನ ಚಾರ್ಜ್ ಕೊಡಲಿಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಡ್ರಾಯರಿನ ನೋಟು ಎಣಿಸಬೇಕು. ಐನೂರು, ಇನ್ನೂರು, ನೂರು ಅಂತ ಬೇರೆ ಬೇರೆ ಬರೆದು ಒಟ್ಟು ಹಾಕಬೇಕು. ಯುಪಿಐಯಲ್ಲಿ ಬಂದದ್ದು ಬಿಲ್ಲಿನ ಜೊತೆ ತಾಳೆ ನೋಡಬೇಕು. ಯಾವ ರೂಮಿನ ಅಡ್ವಾನ್ಸ್ ಎಷ್ಟು, ಯಾವ ಕೀ ಇನ್ನೂ ವಾಪಸು ಬಂದಿಲ್ಲ, ಯಾರು ಚೆಕ್ ಔಟ್ ತಡ ಮಾಡುತ್ತೇನೆ ಅಂದಿದ್ದಾರೆ, ಎಲ್ಲ ಹೇಳಬೇಕು. ವಿದೇಶದವರು ಯಾರಾದರೂ ಬಂದಿದ್ದರೆ ಅವರ ವಿವರದ ಫಾರ್ಮ್ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಹೋಗಬೇಕು. ಅದು ಆಗಿದೆಯಾ ಇಲ್ಲವಾ ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹತ್ತು ರೂಪಾಯಿ ಹೆಚ್ಚುಕಡಿಮೆ ಆದರೂ ಚಾರ್ಜ್ ತೆಗೆದುಕೊಳ್ಳುವವರು ಸಹಿ ಹಾಕುವುದಿಲ್ಲ. ಪೇಪರ್ ದಿನ ಇದನ್ನು ಅವಸರದಲ್ಲಿ ಮಾಡಿದರೆ ಪರೀಕ್ಷಾ ಹಾಲಿನಲ್ಲಿ ಕೂತು ಡ್ರಾಯರಿನ ಲೆಕ್ಕವೇ ತಲೆಯಲ್ಲಿ ಓಡುತ್ತದೆ.

ಇದಕ್ಕೆ ನನಗೆ ಹೊಳೆದದ್ದು, ಪೇಪರ್ ಇರುವ ಆರು ದಿನ ಮಾತ್ರ ಶಿಫ್ಟನ್ನೇ ಒಂದು ಗಂಟೆ ಹಿಂದಕ್ಕೆ ಎಳೆಯುವುದು. ನಾನು 6ರ ಬದಲು 5ಕ್ಕೆ ಬಂದು 1ಕ್ಕೆ ಹೋಗುವುದು. ಅಕ್ಕ 1ಕ್ಕೆ ಬಂದು 9ಕ್ಕೆ ಹೋಗುವುದು. ನೈಟಿನವನು ಆ ದಿನ 9ಕ್ಕೆ ಬರುವುದು. ನನ್ನ ಎಂಟು ಗಂಟೆ ಎಂಟು ಗಂಟೆಯೇ ಉಳಿಯುತ್ತದೆ, ಸಂಬಳದಲ್ಲಿ ಏನೂ ಹಿಡಿಯಬೇಕಾಗಿಲ್ಲ. ಬೆಳಿಗ್ಗೆ ಐದಕ್ಕೆ ಬಂದರೆ ಕೆಲಸವೂ ಇರುತ್ತದೆ, ಯಾಕೆಂದರೆ ಬೆಂಗಳೂರಿನ ರಾತ್ರಿ ಬಸ್ಸುಗಳು ಬಂದು ಇಳಿಯಲು ಶುರುವಾಗುವುದೇ ಆ ಹೊತ್ತಿನ ಮೇಲೆ. ನಾನಿರುವುದು ಪರ್ಕಳದಲ್ಲಿ. ನಾಲ್ಕೂವರೆಗೆ ಅಲ್ಲಿಂದ ಬಸ್ಸಿಲ್ಲ. ಅದಕ್ಕೆ ಪೇಪರಿನ ಹಿಂದಿನ ರಾತ್ರಿ ಲಾಡ್ಜಿನ ಸ್ಟಾಫ್ ರೂಮಿನಲ್ಲಿ ಮಲಗಲು ಅನುಮತಿ ಅಂತ ಒಂದು ಸಾಲು ಸೇರಿಸಬೇಕಾಯಿತು. ಇಂಥ ಸಣ್ಣ ವಿಷಯ ಬಾಯಲ್ಲಿ ಹೇಳಿದರೆ ಸಾಕು ಅನ್ನಿಸುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ವಾಚ್‌ಮ್ಯಾನ್ ಎದುರು ನಿಂತು ವಿವರಿಸುವುದಕ್ಕಿಂತ ಬರೆದಿಟ್ಟರೆ ಒಳ್ಳೆಯದು.

ಎರಡನೇ ಕೆಲಸ, ಪತ್ರಕ್ಕಿಂತ ಮೊದಲು ಜೊತೆಯವರನ್ನು ಕೇಳುವುದು. ಸೂಪರ್‌ವೈಸರ್ ಬಳಿ ಮೊದಲು ಹೋದರೆ ಅವರು "ಆಯ್ತು" ಅಂದರೂ ಕಷ್ಟ, ಮೇಲಿಂದ ಹೇರಿದ ಹಾಗೆ ಆಗುತ್ತದೆ.

ನಾನು ಬೆಳಿಗ್ಗೆ ಹಿಡಿದರೆ ಅತಿ ಹೆಚ್ಚು ಕಳೆದುಕೊಳ್ಳುವುದು ಅಕ್ಕ. ಅವರ ಮಾರ್ನಿಂಗ್ ಎಲ್ಲ ನನಗೆ ಬರುತ್ತದೆ, ಅವರು ಹೆಚ್ಚುಕಡಿಮೆ ಮೂರು ವಾರವೂ ಸೆಕೆಂಡ್ ಮಾಡಬೇಕು. ಎರಡನೇ ಕ್ಲಾಸಿಗೆ ಹೋಗುವ ಮಗ ನಾಲ್ಕು ಗಂಟೆಗೆ ಮನೆಗೆ ಬರುತ್ತಾನೆ. ನಾನು ಚಹಾ ಹೊತ್ತಿಗೆ ಕೇಳಿದೆ. ಅವರು ಕೂಡಲೇ ಹೂಂ ಅನ್ನಲಿಲ್ಲ. "ಅತ್ತೆ ಹತ್ರ ಕೇಳಿ ನಾಳೆ ಹೇಳ್ತೇನೆ" ಅಂದರು. ಮರುದಿನ ಬಂದು, "ಮೂರು ವಾರ ಅಡ್ಡಿಯಿಲ್ಲ. ಆದ್ರೆ ನಂತರ ಮೂರು ವಾರ ನಂಗೆ ಬರೀ ಮಾರ್ನಿಂಗೇ ಬೇಕು. ಬರ್ದು ಕೊಡ್ತೀಯಾ?" ಅಂತ ಕೇಳಿದರು.

ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಪರೀಕ್ಷೆ ಮುಗಿದ ಮೇಲೆ ಮುಂದಿನ ಸೆಮಿಸ್ಟರ್ ಶುರುವಾಗುವವರೆಗೆ ನನಗೆ ಕ್ಲಾಸಿಲ್ಲ. ವರ್ಷವಿಡೀ ನಾನು ಮಾಡದ ಸೆಕೆಂಡ್ ಶಿಫ್ಟನ್ನು ಆಗ ಮಾಡಬಹುದು. ಎಲ್ಲರೂ ದೂರ ಇಡುವ ಶಿಫ್ಟ್ ಅದು. ಸಂಜೆ ಚೆಕ್ ಇನ್, ನೀರು ಬಿಸಿ ಇಲ್ಲ, ಟಿವಿ ಬರುವುದಿಲ್ಲ ಅನ್ನುವ ಫೋನು, ಎಲ್ಲ ಆಗಲೇ. ಕೊಡಲಿಕ್ಕೆ ನನ್ನ ಹತ್ತಿರ ಬೆಲೆ ಇರುವ ವಸ್ತು ಅದೊಂದೇ ಇತ್ತು. ಜುಲೈ 27ರಿಂದ ಮೂರು ವಾರ ಒಂದೂ ಮಾರ್ನಿಂಗ್ ಇಲ್ಲದೆ ಸೆಕೆಂಡ್ ಮತ್ತು ನೈಟ್ ಮಾತ್ರ ಮಾಡುತ್ತೇನೆ ಅಂತ ಲೆಕ್ಕ ಹಾಕಿದೆ.

ಹುಡುಗರಿಗೆ ಕಾಡುವುದು ನೈಟ್. ವಾರಕ್ಕೆ ಏಳು ನೈಟಿನಲ್ಲಿ ಸುಮಾರು ಮೂರು ನನ್ನದು. ಅದು ಹೋದರೆ ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಮೂರು ಬೀಳುತ್ತದೆ. ಕುಂದಾಪುರದವನು, "ಅಡ್ಡಿಲ್ಲೆ ಮಾರಾಯ, ನಂಗೆ ರಾತ್ರಿಯೇ ಲಾಯ್ಕ್" ಅಂದ. ಅವನಿಗೆ ಹಗಲು ಊರಿಗೆ ಹೋಗಿ ಬರಬಹುದು. ಕಾರ್ಕಳದವನು ಕ್ಯಾಲೆಂಡರ್ ತಿರುವಿ ನೋಡಿದ. "ಆಟಿ ಅಮಾವಾಸ್ಯೆ ಹಿಂದಿನ ರಾತ್ರಿ ಮಾತ್ರ ನಂಗೆ ನೈಟ್ ಬೇಡ" ಅಂದ. ಬೆಳಗಾಗುವ ಮುಂಚೆ ಮನೆಯಲ್ಲಿ ಹಾಲೆಮರದ ಕಷಾಯ ಕುಡಿಯಬೇಕು, ಇಲ್ಲದಿದ್ದರೆ ಅಮ್ಮ ಬಿಡುವುದಿಲ್ಲ. ಇದು ನನಗೂ ಗೊತ್ತಿರುವ ಕಷಾಯ, ಬಾಯಿಗಿಟ್ಟರೆ ಮೂರು ದಿನ ಕಹಿ. ಆದರೂ ಆ ದಿನಕ್ಕೆ ಅವನ ಹೆಸರಿನ ಎದುರು ಗೆರೆ ಎಳೆದುಕೊಂಡೆ.

ಇಷ್ಟಾದ ಮೇಲೆ ಪತ್ರ ಬರೆದೆ. ನಮ್ಮ ಸೂಪರ್‌ವೈಸರಿಗೆ ಕನ್ನಡವೇ ಆಗುತ್ತದೆ, ಮಾಲೀಕರಿಗೂ ಅಷ್ಟೇ. ಮೊಬೈಲಿನಲ್ಲಿ ಮೆಸೇಜ್ ಹಾಕಿದರೆ ಸಾಲದಾ ಅಂತ ಕುಂದಾಪುರದವನು ಕೇಳಿದ. ಮೆಸೇಜು ಮೇಲೆ ಹೋಗಿ ಮುಚ್ಚಿಹೋಗುತ್ತದೆ. ನಾಳೆ ಮಾಲೀಕರು "ಇವನು ಯಾಕೆ ಒಂದು ಗಂಟೆಗೇ ಹೊರಟ?" ಅಂತ ಕೇಳಿದರೆ ಸೂಪರ್‌ವೈಸರಿಗೆ ತೋರಿಸಲು ಫೈಲಿನಲ್ಲಿ ಒಂದು ಕಾಗದ ಬೇಕು. ಪತ್ರ ಹೀಗಿತ್ತು:

ಗೆ,
ಫ್ರಂಟ್ ಆಫೀಸ್ ಸೂಪರ್‌ವೈಸರ್ ಅವರಿಗೆ

ಮಾನ್ಯರೇ,

ವಿಷಯ: ಜುಲೈ 7ರಿಂದ 26ರವರೆಗೆ ಪರೀಕ್ಷೆಯ ಕಾರಣ ಬೆಳಗಿನ ಶಿಫ್ಟ್ ಮಾತ್ರ ಕೊಡುವ ಬಗ್ಗೆ

ನನ್ನ ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಜುಲೈ 8, 11, 15, 18, 22 ಮತ್ತು 25ರಂದು ಮಧ್ಯಾಹ್ನ 2 ಗಂಟೆಗೆ ಇದೆ. ಟೈಂ ಟೇಬಲ್ ಪ್ರತಿ ಜೊತೆಗಿಟ್ಟಿದ್ದೇನೆ. ಹಾಲ್ ಟಿಕೆಟ್ ಬಂದ ಕೂಡಲೇ ಅದರ ಪ್ರತಿಯನ್ನೂ ಕೊಡುತ್ತೇನೆ.

ಈ ಮೂರು ವಾರ ನನಗೆ ಬೆಳಗಿನ ಶಿಫ್ಟ್ (6ರಿಂದ 2) ಮಾತ್ರ ಹಾಕಬೇಕಾಗಿ ಕೇಳಿಕೊಳ್ಳುತ್ತೇನೆ. ನನ್ನ ವಾರದ ರಜೆ ಗುರುವಾರ ಇರಲಿ.

ಪೇಪರ್ ಇರುವ ಆರು ದಿನ ಮಾತ್ರ ನಾನು ಬೆಳಿಗ್ಗೆ 5ಕ್ಕೆ ಬಂದು ಮಧ್ಯಾಹ್ನ 1ಕ್ಕೆ ಹೊರಡಲು ಅವಕಾಶ ಬೇಕು. ಆ ದಿನ ಸೆಕೆಂಡ್ ಶಿಫ್ಟಿನವರು 12.40ಕ್ಕೆ ಬಂದರೆ ಚಾರ್ಜ್ ಪೂರ್ತಿ ಕೊಟ್ಟು ಹೋಗುತ್ತೇನೆ. ಪೇಪರಿನ ಹಿಂದಿನ ರಾತ್ರಿ ಸ್ಟಾಫ್ ರೂಮಿನಲ್ಲಿ ಮಲಗಲು ಅನುಮತಿ ಕೊಡಬೇಕು.

ನನ್ನ ನೈಟ್ ಮಾಡಲು ಇಬ್ಬರು ಸಹೋದ್ಯೋಗಿಗಳು, ಸೆಕೆಂಡ್ ಮಾಡಲು ಅಕ್ಕ ಒಪ್ಪಿದ್ದಾರೆ. ಅವರ ಸಹಿ ಕೆಳಗಿದೆ. ಜುಲೈ 23ರ ರಾತ್ರಿ ಕಾರ್ಕಳದವರಿಗೆ ನೈಟ್ ಬೇಡ ಎಂದು ಹೇಳಿದ್ದಾರೆ.

ಇದಕ್ಕೆ ಬದಲಾಗಿ ಜುಲೈ 27ರಿಂದ ಆಗಸ್ಟ್ 16ರವರೆಗೆ ನಾನು ಸೆಕೆಂಡ್ ಮತ್ತು ನೈಟ್ ಮಾತ್ರ ಮಾಡುತ್ತೇನೆ. ಆ ಮೂರು ವಾರ ಮಾರ್ನಿಂಗ್ ಅಕ್ಕನಿಗೆ ಕೊಡಬಹುದು.

ಯಾವುದಾದರೂ ಪೇಪರ್ ಮುಂದಕ್ಕೆ ಹೋದರೆ ತಿಳಿದ ಕೂಡಲೇ ತಮಗೆ ಮತ್ತು ಜೊತೆಯವರಿಗೆ ಫೋನ್ ಮಾಡುತ್ತೇನೆ. ಆ ದಿನ ಮಾಮೂಲಿನಂತೆ 6ರಿಂದ 2ರವರೆಗೆ ಕೆಲಸ ಮಾಡುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ

ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಮೂವರ ಸಹಿ. "ನಾನು ಬಡವ, ಕಷ್ಟಪಟ್ಟು ಓದುತ್ತಿದ್ದೇನೆ" ಅನ್ನುವ ಪ್ಯಾರಾ ಬೇಕಂತಲೇ ಹಾಕಲಿಲ್ಲ. ಸೂಪರ್‌ವೈಸರಿಗೆ ಅದೆಲ್ಲ ಗೊತ್ತಿದ್ದದ್ದೇ. ಅದನ್ನು ಬರೆದರೆ ಇಲ್ಲ ಅನ್ನುವುದು ಅವರಿಗೆ ಮುಜುಗರ, ಹೂಂ ಅಂದರೆ ಉಪಕಾರ. ಎರಡೂ ನನಗೆ ಬೇಕಿರಲಿಲ್ಲ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ "ಸ್ವೀಕರಿಸಿದೆ" ಅಂತ ಸಹಿ, ದಿನಾಂಕ ಹಾಕಿಸಿಕೊಂಡೆ.

ಕೊಡುವ ಹೊತ್ತೂ ಮುಖ್ಯ. ಹನ್ನೊಂದರಿಂದ ಹನ್ನೆರಡೂವರೆ ಚೆಕ್ ಔಟ್ ಗಲಾಟೆ, ಆಗ ಯಾರ ತಲೆಗೂ ಏನೂ ಹೋಗುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಾಗ ಹೋದೆ.

ಸರ್ ಪತ್ರವನ್ನು ಎರಡು ಸಲ ಓದಿದರು. ಮೊದಲ ಮಾತೇ, "ನಿಂಗೆ ಈಗಲೇ ಸೆಕೆಂಡ್ ಹಾಕ್ಲಿಕ್ಕಿಲ್ಲ. ಇನ್ನು ನೈಟೂ ಬೇಡ ಅಂದ್ರೆ ನಾನು ಮಾಲೀಕರಿಗೆ ಎಂತ ಹೇಳೋದು?" ನಾನು ಜುಲೈ 27ರ ಸಾಲಿಗೆ ಬೆರಳಿಟ್ಟು ತೋರಿಸಿದೆ. ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. "ನೈಟಲ್ಲಿ ಜನ ಇರುದಿಲ್ಲ. ಕೂತು ಓದ್ಬಹುದಲ್ಲ?" ಕಾಸ್ಟ್ ಅಕೌಂಟಿಂಗಿನ ಒಂದು ಲೆಕ್ಕ ಮುಗಿಸಲು ಅರ್ಧ ಗಂಟೆ ಬೇಕು, ನಡುವೆ ಆಸ್ಪತ್ರೆಯಿಂದ ರೋಗಿಯ ಕಡೆಯವರು ರೂಮು ಕೇಳಿ ಬಂದರೆ ಮತ್ತೆ ಮೊದಲಿಂದ ಶುರು ಮಾಡಬೇಕು ಅಂದೆ. ಕೌಂಟರಿನ ಮೇಲೆ ಕ್ಯಾಮೆರಾ ಇದೆ, ಪುಸ್ತಕ ಬಿಡಿಸಿ ಕೂತದ್ದು ಮಾಲೀಕರ ಮೊಬೈಲಿನಲ್ಲಿ ಕಾಣುತ್ತದೆ ಅಂತಲೂ ಹೇಳಿದೆ. ಅದಕ್ಕೆ ಅವರು ನಕ್ಕರು.

ಅವರ ನಿಜವಾದ ಚಿಂತೆ ಬೇರೆಯೇ ಇತ್ತು. ಜುಲೈಯಲ್ಲಿ ಮಲ್ಪೆಗೆ ಬರುವ ಪ್ರವಾಸಿಗರು ಕಡಿಮೆ. ಆದರೆ ಮಣಿಪಾಲದಲ್ಲಿ ಅಡ್ಮಿಶನ್ ಸಮಯ, ದೂರದ ಊರುಗಳಿಂದ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬೆಳಿಗ್ಗೆ ಒಮ್ಮೆಲೇ ನಾಲ್ಕೈದು ಕುಟುಂಬ ಕೌಂಟರಿಗೆ ಬರುತ್ತದೆ. ಆ ಹೊತ್ತಿಗೆ ಹಿಂದಿ ಸಲೀಸಾಗಿ ಮಾತಾಡುವ ಒಬ್ಬ ಖಾಯಂ ಇರುವುದು ಅವರಿಗೂ ಅನುಕೂಲವೇ. ಇದನ್ನು ನಾನು ಪತ್ರದಲ್ಲಿ ಬರೆದಿರಲಿಲ್ಲ. ಅವರೇ ಯೋಚಿಸಿ, "ಬೆಳಿಗ್ಗೆ ನೀನಿದ್ರೆ ಒಂದು ಲೆಕ್ಕಕ್ಕೆ ಒಳ್ಳೇದೇ" ಅಂದರು.

ನಂತರ ಪೆನ್ನು ತೆಗೆದು ಪೇಪರ್ ದಿನದ ಗಂಟೆಗಳನ್ನು ಪತ್ರದ ಹಿಂಬದಿಯಲ್ಲಿ ಬರೆದರು. ನನಗೆ ಹೊಳೆಯದ ಒಂದು ವಿಷಯ ಅವರಿಗೆ ಕಂಡಿತು. ಮಂಗಳವಾರ ಪೇಪರ್ ಅಂತಿಟ್ಟುಕೊಳ್ಳಿ. ಸೋಮವಾರದ ನೈಟಿನವನು 10ಕ್ಕೆ ಬಂದು 5ಕ್ಕೆ ಹೋಗುತ್ತಾನೆ, ಏಳೇ ಗಂಟೆ. ಮಂಗಳವಾರ ಅಕ್ಕ 1ರಿಂದ 9, ಎಂಟು ಗಂಟೆ. ಆ ರಾತ್ರಿಯವನು 9ಕ್ಕೆ ಬಂದರೆ ಬುಧವಾರ ನಾನು ಬರುವುದು 6ಕ್ಕೆ. ಅವನಿಗೆ ಒಂಬತ್ತು ಗಂಟೆ. "ಒಬ್ಬನಿಗೆ ಏಳು, ಒಬ್ಬನಿಗೆ ಒಂಬತ್ತು. ನಾಳೆ ಜಗಳ ಆಗ್ತದೆ ನೋಡು," ಅಂದರು. ಕಾನೂನಿನಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಮಿತಿ ಇರುವುದರಿಂದ ಒಂಬತ್ತರ ಮೇಲೆ ಹೋಗುವ ಹಾಗೂ ಇಲ್ಲ.

ಪರಿಹಾರ ಹೇಳಿದ್ದೂ ಅವರೇ. ಪೇಪರಿನ ಹಿಂದಿನ ರಾತ್ರಿ ಮತ್ತು ಪೇಪರ್ ದಿನದ ರಾತ್ರಿ, ಎರಡನ್ನೂ ಒಬ್ಬನಿಗೇ ಹಾಕುವುದು. ಏಳು ಮತ್ತು ಒಂಬತ್ತು ಸೇರಿ ಹದಿನಾರು. ಎರಡು ದಿನದ ಲೆಕ್ಕ ಸರಿಹೋಯಿತು. ಸೋಮವಾರ, ಮಂಗಳವಾರ ಕುಂದಾಪುರದವನು, ಗುರುವಾರ, ಶುಕ್ರವಾರ ಕಾರ್ಕಳದವನು ಅಂತ ಅಲ್ಲೇ ಬರೆದರು. ವರ್ಷಗಟ್ಟಲೆ ಚಾರ್ಟ್ ಮಾಡಿದವರ ಕಣ್ಣಿಗೆ ಕಾಣುವುದೇ ಬೇರೆ. ಮಾಲೀಕರಿಗೆ ಹೇಳುವ ಕೆಲಸ ತಮ್ಮದು ಅಂದರು. ತಿಂಗಳ ಕೊನೆಗೆ ಚಾರ್ಟ್ ಬಂದಾಗ ಎಲ್ಲ ಮಾತಾಡಿದ ಹಾಗೇ ಇತ್ತು, ನನ್ನ ಗುರುವಾರದ ರಜೆ ಸಹಿತ. ಆ ಬೆಳಿಗ್ಗೆ ಅಕ್ಕನ ಹೆಸರಿತ್ತು.

ಮೊದಲ ಎರಡು ಪೇಪರ್ ಅಂದುಕೊಂಡ ಹಾಗೇ ನಡೆಯಿತು. ಐದಕ್ಕೆ ಚಾರ್ಜ್ ತೆಗೆದುಕೊಳ್ಳುವಾಗ ಕಣ್ಣು ಉರಿಯುತ್ತಿತ್ತು, ಅಷ್ಟೇ. ಅಕ್ಕ ಹನ್ನೆರಡು ನಲವತ್ತಕ್ಕೆ ಕೊಡೆ ಮಡಚುತ್ತಾ ಒಳಗೆ ಬರುತ್ತಿದ್ದರು. ನೋಟು ಎಣಿಸಿ ಸಹಿ ಹಾಕಿ, "ಹೋಗು ಹೋಗು, ಉಳಿದದ್ದು ನಾನು ನೋಡ್ಕೊಳ್ತೇನೆ" ಅನ್ನುತ್ತಿದ್ದರು. ಬಸ್ಸಿನಲ್ಲಿ ಇಂದ್ರಾಳಿ ದಾಟಿದರೆ ನನಗೆ ಸಮಾಧಾನ. ಎರಡು ದಿನವೂ ಹಾಲಿಗೆ ಸಾಕಷ್ಟು ಮುಂಚೆಯೇ ಮುಟ್ಟಿದೆ.

ಮೂರನೆಯದಕ್ಕೆ ಮಳೆ ಬಂತು. ಸೋಮವಾರ ಸಂಜೆ ಸ್ಟಾಫ್ ರೂಮಿನಲ್ಲಿ ಚಾಪೆ ಹಾಸಿ ಓದುತ್ತಿದ್ದೆ. ಮರುದಿನ ಭಾರಿ ಮಳೆಯ ಎಚ್ಚರಿಕೆ ಇದೆ ಅಂತ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜುಗಳಿಗೆ ರಜೆ ಘೋಷಿಸಿದ ಸುದ್ದಿ ಬಂತು. ಶಾಲೆಗೆ ರಜೆ ಅಂದ ಮಾತ್ರಕ್ಕೆ ಪದವಿ ಪರೀಕ್ಷೆ ನಿಲ್ಲುತ್ತದೆ ಅಂತ ಅಲ್ಲ. ವಿಶ್ವವಿದ್ಯಾಲಯದ ಸುತ್ತೋಲೆ ಬರುವವರೆಗೆ ಕಾಯಬೇಕು. ಕ್ಲಾಸಿನ ಗ್ರೂಪಿನಲ್ಲಿ ಹಳೇ ವರ್ಷದ ಸುತ್ತೋಲೆಯನ್ನೂ ಯಾರೋ ಹಾಕುತ್ತಾರೆ, ಅದಕ್ಕೆ ದಿನಾಂಕ ನೋಡಿಯೇ ನಂಬಬೇಕು. ಎಂಟು ಗಂಟೆ ಹೊತ್ತಿಗೆ ಸರಿಯಾದದ್ದು ಬಂತು. ಪೇಪರ್ ಮುಂದಕ್ಕೆ, ಹೊಸ ದಿನಾಂಕ ಆಮೇಲೆ.

ಲಾಡ್ಜಿಗೆ ಮಳೆ ರಜೆ ಇಲ್ಲ. ಪತ್ರದಲ್ಲಿ ಬರೆದ ಕೊನೆಯ ಸಾಲು ಆಗ ಕೆಲಸಕ್ಕೆ ಬಂತು. ಸರ್‌ಗೆ ಫೋನ್ ಮಾಡಿದೆ. ಅಕ್ಕನಿಗೆ, "ನಾಳೆ ಒಂದಕ್ಕೆ ಬರ್ಬೇಡಿ, ಎರಡಕ್ಕೇ ಬನ್ನಿ" ಅಂದೆ. ಮಗನಿಗೂ ರಜೆ ಅಂತ ಅವರಿಗೆ ಖುಷಿ. ಕುಂದಾಪುರದವನಿಗೆ ಐದಕ್ಕೆ ಬಿಡುವ ಆಸೆ ಹೋಯಿತು. ಆದರೆ ಮರುದಿನದ ಒಂಬತ್ತು ಗಂಟೆಯೂ ಹೋಯಿತು.

ಹೊಸ ದಿನಾಂಕ ಜುಲೈ 28, ಸೋಮವಾರ. ಅಂದರೆ ನಾನು ಮಾರ್ನಿಂಗ್ ಬೇಡ ಅಂತ ಬರೆದುಕೊಟ್ಟ ಅವಧಿಯ ಎರಡನೇ ದಿನ. ಹಿಂದಿನ ದಿನ ಭಾನುವಾರ ನನಗೆ ಸೆಕೆಂಡ್, ಸೋಮವಾರವೂ ಸೆಕೆಂಡ್, ಅದೇ 2 ಗಂಟೆಗೆ. ಅಕ್ಕನ ಹತ್ತಿರ ಬೆಳಿಗ್ಗೆ ಬಿಟ್ಟುಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ. ಅವರು ತಮ್ಮ ಮೂರು ವಾರ ಮುಗಿಸಿಯಾಗಿತ್ತು. ಸರ್ ಹತ್ತಿರ ಹೋದೆ. ಭಾನುವಾರದ್ದು ಬದಲಾಯಿಸಲು ಆಗುವುದಿಲ್ಲ, ರೂಮು ಪೂರ್ತಿ ಬುಕ್ ಆಗಿದೆ ಅಂದರು. ಸೋಮವಾರಕ್ಕೆ ಒಂದು ರಜೆ ಹಾಕು ಅಂದರು. ಹಾಕಿದೆ. ಭಾನುವಾರ ರಾತ್ರಿ ಹತ್ತರವರೆಗೆ ಕೌಂಟರ್, ಸೋಮವಾರ ಕಾಸ್ಟ್ ಅಕೌಂಟಿಂಗ್. ಹದಿನೈದಕ್ಕೆ ಅಂತಲೇ ತಯಾರಾಗಿದ್ದ ಪೇಪರ್ ಆದದ್ದರಿಂದ ಬೆಳಿಗ್ಗೆ ಒಮ್ಮೆ ತಿರುವಿ ಹಾಕಿದರೆ ಸಾಕಾಯಿತು.

ಮುಂದಿನ ಪತ್ರಕ್ಕೆ ಇದರಿಂದ ಒಂದು ಸಾಲು ಜಾಸ್ತಿ ಆಗುತ್ತದೆ. ಮುಂದೂಡಿದ ಪೇಪರ್ ಅವಧಿಯ ಹೊರಗೆ ಬಿದ್ದರೆ ಹಿಂದಿನ ದಿನಕ್ಕೂ ಆ ದಿನಕ್ಕೂ ಏನು ವ್ಯವಸ್ಥೆ ಅಂತ ಮೊದಲೇ ಬರೆಯಬೇಕು. ಮಳೆಗಾಲದ ಪರೀಕ್ಷೆಗೆ ಕರಾವಳಿಯಲ್ಲಿ ಆ ಸಾಲು ಬೇಕೇ ಬೇಕು. ಬದಲಿಗೆ ಕೊಡುವ ದಿನಗಳನ್ನೂ ಕೊನೆಯ ಪೇಪರಿನ ಮರುದಿನದಿಂದಲೇ ಶುರು ಮಾಡಬಾರದು, ಒಂದು ವಾರ ಬಿಟ್ಟು ಇಡಬೇಕು.

ಆಗಸ್ಟಿನಲ್ಲಿ ಹೇಳಿದ ಹಾಗೆ ಸೆಕೆಂಡೂ ನೈಟೂ ಮಾಡಿ ಮುಗಿಸಿದೆ. ಅಡ್ಮಿಶನ್ ಗಲಾಟೆಯಲ್ಲಿ ಸೆಕೆಂಡ್ ಅಂದರೆ ಕಾಲು ನಿಲ್ಲಲಿಲ್ಲ. ಐದನೇ ಸೆಮಿಸ್ಟರಿನ ಪರೀಕ್ಷೆ ಯಾವಾಗ ಅಂತ ಸರ್ ಈಗಲೇ ಕೇಳುತ್ತಿದ್ದಾರೆ. ಟೈಂ ಟೇಬಲ್ ಬರುವ ಮೊದಲು ಅಂದಾಜು ತಿಂಗಳಾದರೂ ಹೇಳು ಅಂತ. ಡಿಸೆಂಬರ್ ಆದರೆ ಇದೇ ಲೆಕ್ಕ ಮಾಡೋಣ, ಕ್ರಿಸ್‌ಮಸ್ ರಜೆಯ ವಾರ ಸ್ವಲ್ಪ ಕಷ್ಟ ಅಂದರು. ಜನವರಿಗೆ ಹೋದರೆ ಮಾತ್ರ ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವ ಅಡ್ಡ ಬರುತ್ತದೆ. 18ನೇ ತಾರೀಕಿನ ಹಿಂದೆ ಮುಂದೆ ಉಡುಪಿ, ಮಣಿಪಾಲದಲ್ಲಿ ಎಲ್ಲೂ ರೂಮು ಸಿಗುವುದಿಲ್ಲ, ನಾಲ್ಕೂ ಜನ ಕೌಂಟರಿನಲ್ಲಿ ಇರಬೇಕು. "ಆ ವಾರದ ಪೇಪರಿಗೆ ಪತ್ರ ತರ್ಬೇಡ ಮಾರಾಯ, ರಜೆಯ ಅರ್ಜಿಯೇ ತಾ, ಅದೂ ನವೆಂಬರಲ್ಲೇ" ಅಂದಿದ್ದಾರೆ.